ನಾಳೆಗೊಂದು ಮಾತು ಬಾಕಿ

ಭಾನುವಾರದ ಚಾಟ್ ಮತ್ತೊಮ್ಮೆ ಸತ್ತುಹೋಯಿತು.

ಸುಮ್ಮನೆ ಸಾಯಲಿಲ್ಲ ಪಾಪ, ಒದ್ದಾಡಿ ಒದ್ದಾಡಿ ಸತ್ತಿತು. ವಾಡಿಯ ತನ್ನ ಮನೆಯ ಮಾಳಿಗೆ ಮೆಟ್ಟಿಲ ಮೇಲೆ ಕೂತು ಯಶೋಧರಾ ಅದನ್ನು ಉಳಿಸಿಕೊಳ್ಳಲು ಮಾಡದ ಪ್ರಯತ್ನವೇ ಇರಲಿಲ್ಲ.

"ಮತ್ತ?"

"ಮತ್ತೇನಿಲ್ರಿ. ನೀವೇ ಹೇಳ್ರಿ."

"ನಾನೇನ್ ಹೇಳ್ಲಿ? ಊಟ ಆಯ್ತಾ?"

"ಆಗ್ಲೇ ಕೇಳಿದ್ರಲ್ರಿ. ಆಯ್ತು."

"ಹೌದಲ್ಲ. ಛಾ?"

"ಹ್ಮ್."

ಆ "ಹ್ಮ್" ನೋಡಿ ಯಶೋಧರಾ ಫೋನ್ ಬದಿಗಿಟ್ಟಳು. ಹುಡುಗರು "ಹ್ಮ್" ಅನ್ನಲು ಶುರುಮಾಡಿದರೆ ಮುಂದೇನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಳೆದ ವರ್ಷ ಕಾಳಗಿಯ ಒಂದು ಸಂಬಂಧ ಹೀಗೇ ಹೋಗಿತ್ತು. ಮೊದಲು ದಿನವಿಡೀ ಹರಟೆ, ಆಮೇಲೆ "ಹ್ಮ್", ಆಮೇಲೆ ಬರೀ ಎರಡು ನೀಲಿ ಗೆರೆ, ಆಮೇಲೆ ಅದೂ ಇಲ್ಲ. ಯಾರೂ ಬೇಡ ಅನ್ನಲಿಲ್ಲ. ಮಾತು ತಾನೇ ಬತ್ತಿಹೋಯಿತು. ಅಂದಿನಿಂದ ಅವಳಿಗೊಂದು ಭಯ: ಮಾತು ಮುಗಿದರೆ ಮನುಷ್ಯನೂ ಮುಗಿದ. ಹಾಗಾಗಿ ಮುಗಿಸುವುದೇ ಇಲ್ಲ, ಎಳೆಯುತ್ತಲೇ ಇರುತ್ತಾಳೆ.

ಈ ಸಲದ ಹುಡುಗ ದೇವಿಂದ್ರ. ಸೇಡಂ ಹತ್ತಿರದ ಒಂದು ಸುಣ್ಣದಕಲ್ಲಿನ ಗಣಿಯಲ್ಲಿ ಬ್ಲಾಸ್ಟಿಂಗ್ ಕೆಲಸ. ತಾಯಿ ಅನಸುಬಾಯಿಯ ಜೊತೆ ಹೆಣ್ಣು ನೋಡಲು ಬಂದಾಗ ಯಶೋಧರಾ ಗಾಬರಿಯಲ್ಲಿ ಅವನ ಛಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತಿದ್ದಳು. ಅವನು ಒಂದು ಗುಟುಕು ಕುಡಿದ, ಅವಳತ್ತ ನೋಡಿದ, ಹುಬ್ಬು ಸ್ವಲ್ಪವೇ ಮೇಲೇರಿಸಿದ, ಮತ್ತೆ ಕುಡಿದ.

"ಸಕ್ರಿ ಸಾಕಾಗ್ಯಾದೇನಪ್ಪಾ?" ಎಂದು ಅವಳ ತಾಯಿ ರಮಾಬಾಯಿ ಕೇಳಿದಾಗ, "ಭಾಳ ಚಲೋ ಆಗ್ಯಾದ್ರಿ ಅತ್ತಿ" ಎಂದು ತಳದವರೆಗೂ ಕುಡಿದು ಕಪ್ ಇಟ್ಟ. ಅಡಿಗೆಮನೆಗೆ ಹೋಗಿ ಪಾತ್ರೆಯಲ್ಲಿ ಉಳಿದದ್ದನ್ನು ರುಚಿ ನೋಡಿದ ಯಶೋಧರಾ ಅಲ್ಲೇ ಗೋಡೆಗೆ ಒರಗಿ ನಿಂತುಬಿಟ್ಟಳು. ಮನಸ್ಸು ಹೋದದ್ದು ಆಗಲೇ.

ಹಿರಿಯರು ಒಂದು ಮಾತಿಗೆ ಬಂದರು. ಹುಡುಗ ಹುಡುಗಿ ಕೆಲದಿನ ಮಾತಾಡಿಕೊಳ್ಳಲಿ, ಹುಣ್ಣಿಮೆಯ ನಂತರದ ಭಾನುವಾರ ಅನಸುಬಾಯಿ ಮತ್ತೆ ವಾಡಿಗೆ ಬರುತ್ತಾರೆ, ಇಬ್ಬರಿಗೂ ಒಪ್ಪಿಗೆಯಿದ್ದರೆ ಗಟ್ಟಿ ಮಾಡಿಕೊಳ್ಳೋಣ. ಅಂದರೆ ಯಶೋಧರಾಳ ಬದುಕೀಗ ಒಂದು ವಾಟ್ಸಾಪ್ ಚಾಟ್‌ನ ಕೈಯಲ್ಲಿತ್ತು.

ಸೋಮವಾರ ಶಹಾಬಾದದ ಲ್ಯಾಬಿನಲ್ಲಿ ರಕ್ತದ ಟ್ಯೂಬುಗಳಿಗೆ ಹೆಸರಿನ ಚೀಟಿ ಅಂಟಿಸುತ್ತ ಅವಳು ಎರಡು ಸಲ ತಪ್ಪು ಮಾಡಿದಳು. ಬಿಲ್ ಕೌಂಟರಿನ ಮಹೆಕ್ ಕಣ್ಣಿಗೆ ಅದು ಬೀಳದೇ ಇರುತ್ತದೆಯೇ?

"ಏನಾಗ್ಯಾದ ನಿನಗ?"

"ಅಂವಗ ನನ್ನ ಜೋಡಿ ಮಾತಾಡಿ ಬ್ಯಾಸರ ಬಂದದ, ಮಹೆಕ್."

"ಫೋನ್ ಕೊಡು."

"ಎದಕ್ಕ?"

"ಡಾಕ್ಟರ್ ರಿಪೋರ್ಟ್ ನೋಡದೆ ಔಷಧ ಕೊಡ್ತಾರೇನ?"

ಮಹೆಕ್ ಮದುವೆಯಾಗುವ ಮುಂಚೆ ಇಡೀ ಒಂದು ವರ್ಷ ಸೌದಿಯಲ್ಲಿದ್ದ ಹುಡುಗನ ಜೊತೆ ಫೋನಿನಲ್ಲೇ ಸಂಸಾರ ನಡೆಸಿದವಳು. ಈ ವಿಷಯದಲ್ಲಿ ಅವಳ ಮಾತಿಗೆ ತೂಕವಿತ್ತು. ಬೆರಳಿನಿಂದ ಚಾಟನ್ನು ಮೇಲೆ ಸರಿಸುತ್ತ ಹೋದಳು, ನಕ್ಕಳು, ಮತ್ತೆ ಸರಿಸಿದಳು, ಆಮೇಲೆ ಹಣೆ ಚಚ್ಚಿಕೊಂಡಳು.

"ಏ ಪಾಗಲ್, ಇಲ್ಲಿ ನೋಡು. ಬ್ಯಾರೆ ದಿನ ಎಲ್ಲಾ ಎಷ್ಟ್ ಮಸ್ತ್ ಅದ! ಸಾಯೋದು ಇತ್ವಾರ ಅಷ್ಟೇ. ಯಾಕ ಹೇಳು?"

ಯಶೋಧರಾ ನೋಡಿದಳು. ಹೌದು. ಸತ್ತದ್ದೆಲ್ಲ ಭಾನುವಾರವೇ. ಕೆಲಸದ ದಿನ ಊಟದ ಹೊತ್ತಿಗೆ ಅವನ ಮೆಸೇಜ್ ಬರುತ್ತಿತ್ತು. ಆದರೆ ಬ್ಲಾಸ್ಟಿಂಗ್ ಜಾಗಕ್ಕೆ ಮೊಬೈಲ್ ಒಯ್ಯುವಂತಿಲ್ಲ. ಫೋನಿನ ಅಲೆಗಳಿಂದ ಮದ್ದು ಸಿಡಿಸುವ ಡೆಟೊನೇಟರ್ ತಾನೇ ಸಿಡಿದೀತು ಎಂಬ ಭಯಕ್ಕೆ ಅಲ್ಲಿ ಆ ಕಟ್ಟುನಿಟ್ಟು. ಊಟ ಮುಗಿಯುತ್ತಲೇ ಸೈಟ್ ಆಫೀಸಿನಿಂದ ಡಬ್ಬಿ ಬರುತ್ತದೆ, ಎಲ್ಲರೂ ಫೋನ್ ಆಫ್ ಮಾಡಿ ಅದರಲ್ಲಿಟ್ಟು ಹೋಗಬೇಕು. ಹಾಗಾಗಿ ಮಾತು ಎಷ್ಟೇ ಚೆನ್ನಾಗಿರಲಿ, ಅಲ್ಲಿಗೇ ಕಡಿಯುತ್ತಿತ್ತು.

ಕಳೆದ ಮಂಗಳವಾರದ ಕೊನೆ ಮೆಸೇಜ್: "ನಮ್ಮ ಸೈಟಿನಾಗ ಒಂದು ನಾಯಿ ಅದರಿ. ಅದರ ಹೆಸರು ಮ್ಯಾನೇಜರ್. ಯಾಕಂತ ನಾಳೆ ಹೇಳ್ತೀನಿ, ಡಬ್ಬಿ ಬಂತು!"

ಬುಧವಾರದ ಮೊದಲ ಮೆಸೇಜ್, ಯಶೋಧರಾಳದ್ದು: "ಮ್ಯಾನೇಜರ್ ಯಾಕ್ರಿ? ನಿನ್ನಿ ರೊಟ್ಟಿ ಬಡಿಯೋವಾಗೂ ಅದೇ ವಿಚಾರ."

"ಸೈರನ್ ಆದ್ರ ಎಲ್ಲರಿಗಿಂತ ಮೊದಲ ಓಡಿಹೋಗಿ ನೆರಳಿಗಿ ಕುಂದರತದ್ರಿ. ಬ್ಲಾಸ್ಟ್ ಆದ ಮ್ಯಾಲ ಎಲ್ಲರಿಗಿಂತ ಮೊದಲ ಬಂದು ಒದರತದ."

ಅದಕ್ಕೆ ಅವಳು ಕಳಿಸಿದ ನಗುವಿನ ಗೊಂಬೆಗಳಿಗೆ ಲೆಕ್ಕವಿರಲಿಲ್ಲ.

"ನೋಡಿದಿಲ್ಲ?" ಎಂದಳು ಮಹೆಕ್. "ಬ್ಯಾರೆ ದಿನ ಡಬ್ಬಿ ಬಂದು ನಿಮ್ಮನ್ನ ಎಬ್ಬಸತದ. ಇಬ್ಬರೂ ನಕ್ಕೋತ ಎದ್ದು ಹೋಗ್ತೀರಿ, ಮನಸಿನ್ಯಾಗ ನಗುವೇ ಉಳೀತದ. ಇತ್ವಾರ ಎಬ್ಬಸೋರು ಯಾರೂ ಇಲ್ಲ. ಮಾತು ತೀರಿದ ಮ್ಯಾಲೂ ನೀ ಬೋಗುಣಿ ತಳ ಕೆರೀಲಿಕತ್ತಿ. ಆಮ್ಯಾಲ ಅಂವಗ ನೆನಪುಳಿಯೋದು ಏನು? 'ಛಾ ಆಯ್ತಾ', ಅಷ್ಟೇ."

"ಹಂಗಾದ್ರ ನಾ ಏನ್ ಮಾಡ್ಲಿ?"

"ನೀನೇ ಡಬ್ಬಿ ಆಗು. ಭಾಳ ನಗು ಬಂತು ಅಂದ ಕೂಡ್ಲೆ ಏಳು. ಇನ್ನೊಂದೆರಡು ಮಾತು ಬಾಕಿ ಇರಬೇಕು, ಆಗ್ಲೇ. 'ಅವ್ವ ಕರೀಲಿಕತ್ತಾಳ, ಹೋಗ್ತೀನಿ, ಇವತ್ತು ಭಾಳ ನಗಿಸಿದ್ರಿ' ಅನ್ನು. ಖರೇ ಕಾರಣ ಹೇಳು, ನಾಟಕ ಬ್ಯಾಡ. ನಾಳಿಗಿ ಒಂದು ಸಣ್ಣ ಮಾತು ಬಿಟ್ಟು ಹೋಗು. ಅಂವಾ ಊಹಾ ಮಾಡಿ ನಗಬೇಕು, ಅಷ್ಟು ಹಗುರ ಇರಬೇಕು. ಹೋಗ್ತೀನಿ ಅಂದ ಮ್ಯಾಲ ಹೊಳ್ಳಿ ಬಂದು ಇಣುಕಬ್ಯಾಡ. ಮತ್ತ ನಾಳಿ ಆ ಮಾತು ಮರೀಬ್ಯಾಡ, ಇಲ್ಲಾಂದ್ರ ಮೂರನೇ ಸಲಕ್ಕ ಯಾರೂ ನಂಬಂಗಿಲ್ಲ."

"ಹಿಂಗ ಮಾಡೋದು ಆಟ ಆಡಿಸಿದಂಗ ಆಗಂಗಿಲ್ಲೇನ?"

"ಕೂಡಿ ಆಡೋದೇ ಅಲ್ಲೇನ ಇದು?"

ಮುಂದಿನ ಭಾನುವಾರ ಯಶೋಧರಾ ಪ್ರಯೋಗ ಮಾಡಿದಳು. ಲ್ಯಾಬಿಗೆ ಬಂದ ಒಬ್ಬ ಪೈಲ್ವಾನನ ಕಥೆ ಶುರುಮಾಡಿದಳು. ಬಾಗಿಲಲ್ಲಿ ಹಿಡಿಸದಷ್ಟು ಎದೆ, ಗಿರಿಜಾ ಮೀಸೆ, ಸೂಜಿ ನೋಡಿದ್ದೇ ತಡ ಕುರ್ಚಿಯಿಂದ ಜಾರಿ ಕೆಳಗೆ. ದೇವಿಂದ್ರ ಅತ್ತ ಕಡೆ ನಗುತ್ತಲೇ ಇದ್ದ. "ಆಮ್ಯಾಲ? ಆಮ್ಯಾಲ?" ಎಂದು ಅವನೇ ಕೇಳುತ್ತಿದ್ದ.

"ನೀರು ಹೊಡದು ಎಬ್ಬಿಸಿದೆವ್ರಿ. ಕಣ್ಣು ತೆರದವರೇ ಒಂದು ಮಾತಂದ್ರು. ಅದು ನಾಳೆ! ಅವ್ವ ಕರೀಲಿಕತ್ತಾಳ. ಇವತ್ತು ಭಾಳ ಛಂದ ಅನಿಸ್ತು, ಬರ್ತೀನಿ."

"ಇದು ಅನ್ಯಾಯರಿ!"

ಅವಳು ಫೋನನ್ನು ಜೋಳದ ಡಬ್ಬದ ಮೇಲೆ ಮಗುಚಿಟ್ಟು ಅವ್ವನ ಪಕ್ಕ ಕೂತು ಮೆಂತ್ಯೆ ಸೋಸಿದಳು. ಸಂಜೆಯೆಲ್ಲ ಕಣ್ಣು ಆ ಡಬ್ಬದ ಕಡೆಗೇ. ಅವನಿಗೆ ಸಿಟ್ಟು ಬಂದಿದ್ದರೆ? ಅಷ್ಟೇನಾ ಎಂದುಕೊಂಡಿದ್ದರೆ?

ಸೋಮವಾರ ಬಸ್ಸು ಹತ್ತುವ ಮೊದಲೇ ಅವನ ಮೆಸೇಜ್ ಬಂದಿತ್ತು. "ಪೈಲ್ವಾನ್ ಏನಂದ? ನಮ್ಮವ್ವಗೂ ಹೇಳೀನಿ, ಆಕಿನೂ ಕಾಯಲಿಕತ್ತಾಳ."

"'ತಂಗೀ, ಅಖಾಡದಾಗ ಯಾರಿಗೂ ಹೇಳಬ್ಯಾಡ' ಅಂದ್ರು."

ಅವನು ಮೆಸೇಜ್ ಮಾಡಲಿಲ್ಲ, ಫೋನೇ ಮಾಡಿದ. ಮಾತಾಡಲಿಲ್ಲ, ಬರೀ ನಕ್ಕ. ಆ ನಗು ಕಿವಿಯಲ್ಲಿಟ್ಟುಕೊಂಡು ಅವಳು ಇಡೀ ದಿನ ಕೆಲಸ ಮಾಡಿದಳು.

ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಯಶೋಧರಾಳಿಗೆ ದುರಾಸೆ ಹುಟ್ಟಿತು. ಸಣ್ಣ ಮಾತಿಗೇ ಇಷ್ಟು ಕಾಯುತ್ತಾನಾದರೆ ದೊಡ್ಡ ಮಾತಿಗೆ ಎಷ್ಟು ಕಾಯಬಹುದು? ಅನಸುಬಾಯಿ ಬರುವ ಭಾನುವಾರ ಹತ್ತಿರ ಬಂದಿತ್ತು. ನನಗೆ ನೀವು ಇಷ್ಟ ಎಂದು ಅದಕ್ಕೂ ಮೊದಲು ಅವಳೇ ಹೇಳಬೇಕೆಂದುಕೊಂಡಿದ್ದಳು, ಆದರೆ ಹೇಳಲು ಧೈರ್ಯ ಸಾಲುತ್ತಿರಲಿಲ್ಲ. ಗುರುವಾರ ಊಟದ ಹೊತ್ತಿನಲ್ಲಿ ಇಬ್ಬರೂ ನಗುತ್ತಿದ್ದಾಗ, ಎಲ್ಲ ನಿಯಮವನ್ನೂ ಪಾಲಿಸುತ್ತಿದ್ದೇನೆ ಎಂಬ ಹೆಮ್ಮೆಯಲ್ಲಿ ಬರೆದಳು:

"ನಿಮಗ ಒಂದು ಮುಖ್ಯವಾದ ಮಾತು ಹೇಳೋದದ. ಈಗ ಬ್ಯಾಡ. ನಾಳೆ."

ಎರಡು ಗೆರೆ ನೀಲಿಯಾದವು. "ಟೈಪಿಂಗ್" ಎಂದು ಬಂತು, ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು. ಆಮೇಲೆ ಅವನು ಮಾಯ. ಡಬ್ಬಿ ಬಂದಿರಬೇಕು.

ಅವಳು ಖುಷಿಯಿಂದ ಮಹೆಕ್‌ಗೆ ತೋರಿಸಿದಳು. ಮಹೆಕ್‌ಳ ಮುಖ ಬಿಳಿಚಿಕೊಂಡಿತು.

"ಇದೇನ್ ಬರದಿ? ಸಂಬಂಧ ಮಾತಾಡೋ ಟೈಮಿನಾಗ ಹುಡುಗಿ ಹಿಂಗಂದ್ರ ಏನರ್ಥ? ಬ್ಯಾಡ ಅನ್ನೋಕಿ ಅಂತ! ಹಗುರ ಮಾತು ಬಿಡು ಅಂದ್ರ ಅಂವನ ತಲಿ ಮ್ಯಾಲ ಬಂಡೆಗಲ್ಲು ಇಟ್ಟಿಯಲ್ಲ. ಇದರಾಗ ನಗೋದೇನದ? ಊಹಾ ಮಾಡೋದೇನದ? ಬರೀ ಅಂಜೋದದ."

"ಅಯ್ಯೋ, ಡಿಲೀಟ್ ಮಾಡ್ತೀನಿ..."

"ಬ್ಯಾಡ..." ಎನ್ನುವಷ್ಟರಲ್ಲಿ ಡಿಲೀಟ್ ಆಗಿಹೋಯಿತು. ಆ ಜಾಗದಲ್ಲಿ "ಈ ಮೆಸೇಜ್ ಅಳಿಸಲಾಗಿದೆ" ಎಂಬ ಸಾಲು ಬಂದು ಕೂತಿತು. ಓದಿದ ಮೇಲೆ ಅಳಿಸಿದ ಮಾತು ಮೊದಲಿಗಿಂತ ಭಯಂಕರವಾಗಿ ಕಾಣುತ್ತದೆಂದು ಅವಳಿಗೆ ಆಗ ಗೊತ್ತಾಯಿತು.

ಅವಳು ನಿಜಕ್ಕೂ ಹೆದರಿದ್ದು ಅದಕ್ಕಲ್ಲ. ಈಗ ಅವನು ಎಲ್ಲಿದ್ದಾನೆ ಎಂಬುದು ಹೊಳೆದದ್ದಕ್ಕೆ. ಬಂಡೆಗೆ ಕೊರೆದ ತೂತುಗಳಿಗೆ ಮದ್ದು ತುಂಬುತ್ತಿರುತ್ತಾನೆ. ಕೈಯಲ್ಲಿ ಡೆಟೊನೇಟರ್, ತಲೆಯಲ್ಲಿ ಅವಳ ಮಾತು.

ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಸ್ವಿಚ್ ಆಫ್. ಅದು ಡಬ್ಬಿಯಲ್ಲಿದೆ ಎಂದು ಗೊತ್ತಿದ್ದೂ ಮಾಡಿದಳು.

"ರಕ್ತ ತಗೋಬ್ಯಾಡ ಇವತ್ತು, ನಿನ್ನ ಲಕ್ಷ್ಯ ಇಲ್ಲಿಲ್ಲ" ಎಂದು ಮಹೆಕ್ ಅವಳನ್ನು ಒಳಗೆ ಕೂರಿಸಿದಳು. ದಿನಾಲೂ ಬ್ಲಾಸ್ಟ್ ಮುಗಿಸಿ ಅವನು ಒಂದು ಹೆಬ್ಬೆರಳಿನ ಗೊಂಬೆ ಕಳಿಸುತ್ತಿದ್ದ, ಎಲ್ಲ ಸರಿಯಾಯಿತು ಎಂಬ ಗುರುತಿಗೆ. ಅಂದು ಆ ಹೊತ್ತು ಬಂತು, ಹೋಯಿತು. ಗೊಂಬೆ ಬರಲಿಲ್ಲ. ಲ್ಯಾಬ್ ಮುಚ್ಚಿತು. ಶಹಾಬಾದದಿಂದ ವಾಡಿಗೆ ಬರುವ ಆ ಸಣ್ಣ ದಾರಿಯಲ್ಲಿ ಅವಳು ಮನಸ್ಸಿನಲ್ಲೇ ಅವನನ್ನು ಎಷ್ಟು ಸಲ ಕಳೆದುಕೊಂಡಳೋ.

ಮನೆಗೆ ಬಂದಾಗ ರಮಾಬಾಯಿ ಫೋನ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಸೇಡಂದಿಂದ ಅನಸುಬಾಯಿ ಮಾಡಿದ್ಲು. ಹುಡುಗ ಮನಿಗಿ ಬಂದು ಉಂಡಿಲ್ಲ, ನಿನ್ನ ಮೆಸೇಜ್ ನೋಡಕೋತ ಕುಂತಾನ, ಮಾತಾಡವಲ್ಲ ಅಂತ. 'ನಿಮ್ಮ ಹುಡುಗಿಗಿ ಮನಸಿಲ್ಲಂದ್ರ ಸೀದಾ ಹೇಳ್ರಿ, ಇತ್ವಾರ ನಾವು ಬರಂಗಿಲ್ಲ' ಅಂದ್ಲು. ಏನ್ ಮಾಡಿಟ್ಟಿ ಯಶೂ?"

ಮನೆಗೆ ಬಂದನಂತೆ. ಯಶೋಧರಾ ಅಲ್ಲೇ ಹಾಸುಗಲ್ಲಿನ ಮೇಲೆ ಕೂತು ಅತ್ತಳು. ಬದುಕಿದ್ದಾನೆ ಎಂದು ಅತ್ತಳು, ಆಮೇಲೆ ಭಾನುವಾರ ಬರುವುದಿಲ್ಲ ಎಂದು ಅತ್ತಳು.

ಎಲ್ಲ ಕೇಳಿಸಿಕೊಂಡ ತಾಯಿ ಸೆರಗಿನಿಂದ ಮಗಳ ಮುಖ ಒರೆಸಿದಳು. "ಮೆಸೇಜ್ ಮಾಡು."

"ಇಲ್ಲವ್ವ. ಇನ್ನ ಏನ್ ಬರದ್ರೂ ಅಂವಗ ಹೆದರಿಕಿನೇ. ನಾನೇ ಹೋಗ್ತೀನಿ. ನಾಳಿ ರಜಾ ಹಾಕ್ತೀನಿ."

"ಹುಡುಗಿ ತಾನೇ ಗಂಡಿನ ಊರಿಗಿ ಹೋಗೋದೇನ? ನೋಡಿದವ್ರು ಏನಂದಾರು?"

"ಏನರ ಅನ್ಲಿ. ಸುಮ್ನಿದ್ದೇ ಒಂದು ಸಲ ಕಳಕೊಂಡೀನಿ."

ರಮಾಬಾಯಿ ಸೆರಗು ಸರಿಮಾಡಿಕೊಂಡಳು. ಆಮೇಲೆ ತಾನೇ ಫೋನ್ ಎತ್ತಿ ಅನಸುಬಾಯಿಯ ನಂಬರ್ ಒತ್ತಿದಳು. "ಅಕ್ಕಾ, ನಾಳಿ ನಿಮ್ಮ ಹುಡುಗಗ ಮುಂಜಾನಿ ಸ್ಟೇಷನ್ನಿಗಿ ಕಳಿಸ್ರಿ. ನಮ್ಮಕಿ ಬರಾಕತ್ತಾಳ. ಹೂಂ, ಆಕಿನೇ."

ಮರುದಿನ ವಾಡಿಯಿಂದ ರೈಲು ಹತ್ತಿದವಳಿಗೆ ಚಿತ್ತಾಪುರ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಹೇಳಬೇಕಾದ್ದನ್ನು ಬಾಯಿಪಾಠ ಮಾಡುತ್ತ, ಮರೆಯುತ್ತ ಹೋದಳು. ನಡುವೆ ಒಮ್ಮೆ ಫೋನ್ ತೆಗೆದು ಏನನ್ನೋ ತಿದ್ದಿ ಗಡಬಡಿಸಿ ಒಳಗಿಟ್ಟಳು.

ಸೇಡಂ ಪ್ಲಾಟ್‌ಫಾರ್ಮಿನ ಬೇವಿನ ಮರದ ಕೆಳಗೆ ದೇವಿಂದ್ರ ನಿಂತಿದ್ದ. ಕ್ಷೌರ ಮಾಡಿಕೊಂಡಿರಲಿಲ್ಲ, ಅಂಗಿ ಮಾತ್ರ ಇಸ್ತ್ರಿಯಾಗಿತ್ತು. ಅವಳನ್ನು ನೋಡಿದವನೇ ಕಣ್ಣು ಕೆಳಗಿಳಿಸಿದ, ಮತ್ತೆ ಎತ್ತಿದ. ಕೆಟ್ಟ ಸುದ್ದಿ ಮುಖಕ್ಕೇ ಹೇಳಲು ಬಂದಿದ್ದಾಳೆ, ಒಳ್ಳೆಯವಳು ಎಂಬಂತಿತ್ತು ಆ ನೋಟ.

"ಕುಂದ್ರಿ" ಎಂದ. "ಛಾ ತರ್ಲೇನ್ರಿ?"

"ಮೊದಲ ಹೇಳ್ರಿ, ನಿನ್ನಿ ನೀವು ಮದ್ದು ತುಂಬಾಕ ಹೋಗಿದ್ರೇನು?"

ಅವನಿಗೆ ಆ ಪ್ರಶ್ನೆಯ ನಿರೀಕ್ಷೆ ಇರಲಿಲ್ಲ. "ಇಲ್ರಿ. ತಲ್ಯಾಗ ಬ್ಯಾರೆ ಮಾತು ಹೊಕ್ಕಿತ್ತು. ಹಂಗಿದ್ದಾಗ ಅಲ್ಲಿ ಹೋಗಬಾರದು. ಫೋರ್ಮನ್ ಕಾಶೀನಾಥ ಅಣ್ಣಗ ಹೇಳಿ ಹೊರಗ ಕುಂತೆ. ಒಂದು ತೂತಿನ ಮದ್ದು ಸಿಡೀಲಿಲ್ಲ, ಅದು ಸರಿ ಆಗೋ ತನಕ ಯಾರನ್ನೂ ಬಿಡ್ಲಿಲ್ಲ, ಫೋನೂ ತಡ ಆಗಿ ಸಿಕ್ತು. ತೆರದು ನೋಡಿದ್ರ ಅಳಿಸಿಬಿಟ್ಟಿದ್ರಿ."

ಯಶೋಧರಾ ಕಲ್ಲುಬೆಂಚಿನ ಮೇಲೆ ಕೂತಳು. "ನಿಮಗ ಏನರ ಆಗಿದ್ರ ನಾ ಬದುಕ್ತಿದ್ದಿಲ್ಲ."

ಅವನು ಅವಳ ಮುಖವನ್ನೇ ನೋಡಿದ. ಬ್ಯಾಡ ಅನ್ನಲು ಬಂದವರು ಹೀಗೆ ಮಾತಾಡುವುದಿಲ್ಲ ಎಂದು ಅವನಿಗೂ ನಿಧಾನಕ್ಕೆ ತಿಳಿಯತೊಡಗಿತ್ತು.

"ಹೋದ ವರ್ಷ ಚಿಂಚೋಳಿ ಕಡಿಂದ ಒಂದು ಸಂಬಂಧ ಬಂದಿತ್ರಿ" ಎಂದ ಮೆಲ್ಲಗೆ. "ಆಕಿನೂ ಹಿಂಗೇ ಅಂದ್ಲು. ಒಂದು ಮುಖ್ಯವಾದ ಮಾತದ, ನಾಳಿ ಅಂತ. ಮರುದಿನ, ನಿಮ್ಮ ಕೆಲಸ ಧೋಕಾದ್ದು, ಜೀವಕ್ಕ ಅಪಾಯ, ಬ್ಯಾಡ ಅಂದ್ಲು. ನಿನ್ನಿ ರಾತ್ರಿಯೆಲ್ಲಾ ಅದೇ ಕಣ್ಣಮುಂದ. ಈಗ ಹೇಳ್ರಿ. ಏನಿತ್ತು ಆ ಮಾತು?"

ಅವನ ಕಣ್ಣಂಚು ಕೆಂಪಾಗಿತ್ತು. ಎಲ್ಲ ಮಾತನ್ನೂ ನಾಳೆಗೆ ಬಿಡಬಹುದು, ಇದೊಂದನ್ನಲ್ಲ ಎಂದು ಯಶೋಧರಾಳಿಗೆ ಮನವರಿಕೆಯಾಯಿತು.

"ನನಗ ನೀವಂದ್ರ ಭಾಳ ಇಷ್ಟ" ಎಂದಳು. "ಇದೇ ಮಾತು. ಸಕ್ರಿ ಇಲ್ಲದ ಛಾ ಕುಡದ್ರಲ್ಲ, ಅವತ್ತಿನಿಂದ. ಇತ್ವಾರ ನೀವು ಬರಬೇಕು. ಅಷ್ಟು ಸಣ್ಣ ಮಾತಿಗಿ ಅಂಜಿ, ದೊಡ್ಡದು ಮಾಡಿ ಕೆಡಿಸಿದೆ. ತಪ್ಪಾತು."

ದೇವಿಂದ್ರ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಮುಖ ಆ ಕಡೆ ತಿರುಗಿಸಿ ಅಂಗೈಯಿಂದ ಕಣ್ಣೊರೆಸಿಕೊಂಡ. ತಿರುಗಿದಾಗ ನಗುತ್ತಿದ್ದ.

"ಸಣ್ಣ ಮಾತಂತ! ಇದಾ ಸಣ್ಣದು?"

"ನಿಮಗ?"

"ನಾ ಸಕ್ರಿ ಇಲ್ಲದ ಛಾ ಯಾಕ ಕುಡದೆ ಅಂತ ಮಾಡೀರಿ? ಕಪ್ಪು ಇಟ್ರ ನೀವು ಒಳಗ ಹೋಗಿಬಿಡ್ತಿದ್ರಿ."

ಅವಳು ಕೆನ್ನೆಗೆ ಕೈ ಹಚ್ಚಿಕೊಂಡಳು. ಆಮೇಲೆ ಛಾ ಬಂತು. ಅವನು ಕಪ್ಪಿನ ಮೇಲಿಂದ ಅವಳನ್ನೇ ನೋಡುತ್ತ ಕುಡಿದ, ಅವಳು ನೋಡದವಳಂತೆ ನೋಡುತ್ತ ಕುಡಿದಳು. ಮಹೆಕ್‌ಳ ಪಾಠವನ್ನೆಲ್ಲ ಯಶೋಧರಾ ಒಪ್ಪಿಸಿಬಿಟ್ಟಳು. ಬೋಗುಣಿ ತಳ ಕೆರೆಯುವ ಮಾತಿಗೆ ಅವನು ಎಷ್ಟು ನಕ್ಕನೆಂದರೆ ಪಕ್ಕದ ಬೆಂಚಿನ ಅಜ್ಜ ಎದ್ದು ಕೂತ.

"ಹಂಗಾದ್ರ ಪೈಲ್ವಾನನ ಕಥಿನೂ ಪ್ಲಾನೇನು?"

"ಪೈಲ್ವಾನ ಖರೇ. ನಿಲ್ಲಿಸಿದ್ದು ಅಷ್ಟೇ ಪ್ಲಾನು. ಆಟ ಆಡಿಸಿದೆ ಅನಸ್ತೇನು?"

"ಇಲ್ರಿ. ನಾಳಿ ಅನ್ನೋದೊಂದು ಅದ ಅನಸ್ತು."

ವಾಡಿ ಕಡೆಯ ರೈಲು ಬರುತ್ತಿದೆ ಎಂದು ಮೈಕು ಕೂಗಿತು.

"ಇದು ಬಿಡ್ರಿ" ಎಂದ ದೇವಿಂದ್ರ. "ಮಧ್ಯಾಹ್ನ ಇನ್ನೊಂದದ."

ಯಶೋಧರಾಳ ಹಳೇ ಭಯ ಎದ್ದು ನಿಂತಿತು. ಕೂತುಕೋ, ಹೋದರೆ ಮುಗಿಯಿತು ಎಂದಿತು. ಮಧ್ಯಾಹ್ನದವರೆಗೂ ಕೂರಬಹುದಿತ್ತು. ಮಾತು ತೀರಿ, ಬಿಸಿಲೇರಿ, "ಮತ್ತ?" ಎನ್ನುವವರೆಗೆ. ಅವನ ಮುಖದಲ್ಲಿ ಇನ್ನೂ ನಗು ಆರಿರಲಿಲ್ಲ.

ಅವಳು ಎದ್ದಳು.

"ಅವ್ವ ಒಬ್ಬಳೇ ಚಿಂತಿ ಮಾಡಾಕತ್ತಾಳ, ಹೋಗಿ ಹೇಳಬೇಕು. ಇವತ್ತಿನಷ್ಟು ಛಂದ ನನಗ ಯಾವತ್ತೂ ಅನಿಸಿದ್ದಿಲ್ಲ." ಬೋಗಿಯ ಮೆಟ್ಟಿಲು ಹತ್ತಿ ತಿರುಗಿದಳು. "ಮತ್ತೊಂದು. ನನ್ನ ಫೋನಿನಾಗ ನಿಮ್ಮ ಹೆಸರು ಬದಲಾಗ್ಯಾದ. ಏನಂತ ಇತ್ವಾರ ತೋರಸ್ತೀನಿ."

"ಏನಂತ? ಮ್ಯಾನೇಜರ್ ಅಂತೇನು?"

"ಅಲ್ಲ!"

"ಬ್ಲಾಸ್ಟರ್?"

ರೈಲು ಹೊರಟಿತು. ಅವನು ಜೊತೆಗೇ ನಾಲ್ಕು ಹೆಜ್ಜೆ ನಡೆದ. "ಒಂದು ಅಕ್ಷರ ಆದ್ರೂ ಹೇಳ್ರಿ!" ಅವಳು ನಗುತ್ತ ತಲೆಯಲ್ಲಾಡಿಸಿದಳು. ಪ್ಲಾಟ್‌ಫಾರ್ಮ್ ಮುಗಿಯುವವರೆಗೂ ಅವನು ಕೈ ಎತ್ತಿಯೇ ಇದ್ದ.

ಕಿಟಕಿ ಪಕ್ಕ ಜಾಗ ಸಿಕ್ಕಿತು. ಕೂತ ಸ್ವಲ್ಪ ಹೊತ್ತಿಗೆ ಫೋನ್ ಮಿಣುಕಿತು. "ಇತ್ವಾರ ತನಕ ತಡಿಯಂಗಿಲ್ರಿ. ಅವ್ವಗ ಕರಕೊಂಡು ಅವತ್ತು ಮುಂಜಾನೆನೇ ಬರ್ತೀನಿ."

ಉತ್ತರ ಬರೆಯಲು ಬೆರಳು ಹೋಯಿತು. ಬರೆಯಲಿಲ್ಲ. ಮೆಸೇಜಿನ ಮೇಲಿದ್ದ ಹೆಸರನ್ನಷ್ಟೇ ನೋಡಿದಳು. ಬರುವಾಗ ಇದೇ ರೈಲುದಾರಿಯಲ್ಲಿ, ಅವನು ಹೂಂ ಅನ್ನುತ್ತಾನೋ ಇಲ್ಲವೋ ಗೊತ್ತಿಲ್ಲದಾಗಲೇ, ಬರೆದಿಟ್ಟದ್ದು: "ನಮ್ಮ ಮನಿಯವ್ರು."